ಕೇಕಿನ ಡಬ್ಬಿಗೊಂದು ಚೀಟಿ

ನಿನ್ನೆಯ ಅನ್ನ, ನಿನ್ನೆಯ ಕೇಕು

ಚಿತ್ರಾನ್ನಕ್ಕೆ ಆಗತಾನೆ ಬಸಿದ ಅನ್ನಕ್ಕಿಂತ ರಾತ್ರಿ ಉಳಿದ ಅನ್ನವೇ ಚೆನ್ನ ಎಂಬುದು ಒಲೆಯ ಮುಂದೆ ನಿಂತವರಿಗೆಲ್ಲ ಗೊತ್ತು. ಬಿಸಿ ಅನ್ನ ಒಗ್ಗರಣೆಗೆ ಬಿದ್ದರೆ ಮುದ್ದೆಯಾಗುತ್ತದೆ. ನಿನ್ನೆಯದು ಅಗುಳು ಅಗುಳಾಗಿ ಬಿಡಿಸಿಕೊಳ್ಳುತ್ತದೆ. ಫ್ರಿಡ್ಜಿನಲ್ಲಿಟ್ಟ ಇಡ್ಲಿ ಬೆಳಿಗ್ಗೆ ಒರಟಾಗಿರುತ್ತದೆ, ಹಬೆಯಲ್ಲಿ ಐದು ನಿಮಿಷ ಇಟ್ಟರೆ ಮತ್ತೆ ಮೆತ್ತಗಾಗುತ್ತದೆ. ಅಕ್ಕಿರೊಟ್ಟಿಯೂ ಹಾಗೆ, ರಾಗಿಮುದ್ದೆಯೂ ಹಾಗೆ. ಇವೆಲ್ಲ ಒಣಗಿ ಗಟ್ಟಿಯಾಗುತ್ತವೆ ಎಂದು ನಾವು ಹೇಳಿಕೊಳ್ಳುತ್ತೇವೆ. ಆದರೆ ಬಿಗಿಮುಚ್ಚಳದ ಡಬ್ಬಿಯೊಳಗಿನ ಇಡ್ಲಿಯಿಂದ ನೀರು ಹೋಗುವುದಾದರೂ ಎಲ್ಲಿಗೆ?

ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟದ್ದು ಇಡ್ಲಿಯಲ್ಲ, ಕೇಕು. ಹಳೇಬೀಡಿನ ಪಕ್ಕದ ಹುಲಿಕೆರೆ ಹೊಯ್ಸಳರ ಕಾಲದ ಕಲ್ಯಾಣಿಗೆ ಹೆಸರಾದ ಊರು. ಅಲ್ಲಿ ನಮ್ಮ ದೂರದ ನೆಂಟರ ಸೊಸೆಯೊಬ್ಬಳು ಮನೆಯಲ್ಲೇ ಕೇಕ್ ಮಾಡಿ ಮಾರಲು ಶುರುಮಾಡಿದಳು. ಮೊದಲ ಗಿರಾಕಿಗಳ ಡಬ್ಬಿಯೊಳಗೆ ಕೈಯಲ್ಲಿ ಬರೆದ ಪುಟ್ಟ ಚೀಟಿ ಇಡುತ್ತಿದ್ದಳು: ‘ನಮ್ಮ ಕೇಕನ್ನು ನಂಬಿ ಕೊಂಡಿದ್ದಕ್ಕೆ ತುಂಬಾ ಧನ್ಯವಾದ. ದಯವಿಟ್ಟು ಫ್ರಿಡ್ಜಿನಲ್ಲಿಡಿ. ಎರಡು ದಿನದೊಳಗೆ ತಿಂದು ಮುಗಿಸಿ.’ ಪೈನಾಪಲ್ ಕ್ರೀಮ್ ಕೇಕಿಗೂ ಅದೇ ಚೀಟಿ, ಸಾದಾ ಬೆಣ್ಣೆ ಕೇಕಿಗೂ ಅದೇ ಚೀಟಿ.

ಕ್ರೀಮ್ ಕೇಕ್ ಕೊಂಡವರು ಸುಮ್ಮನಿದ್ದರು. ಬೆಣ್ಣೆ ಕೇಕ್ ಕೊಂಡಿದ್ದ ಅರಸೀಕೆರೆಯ ಅಜ್ಜಿಯೊಬ್ಬರು ಮಾರನೆಯ ದಿನ ಫೋನ್ ಮಾಡಿದರು. ‘ನಿನ್ನೆ ಅಷ್ಟು ಮೆತ್ತಗಿತ್ತಲ್ಲೇ ತಾಯಿ, ಇವತ್ತು ಚಾಕು ಇಟ್ಟರೆ ಪುಡಿ ಉದುರುತ್ತೆ. ನೀನು ಬರೆದ ಹಾಗೇ ಫ್ರಿಡ್ಜಿನಲ್ಲೇ ಇಟ್ಟಿದ್ದೆ ಕಣಮ್ಮ.’

ಅಜ್ಜಿ ಚೀಟಿಯ ಮಾತನ್ನು ಚಾಚೂ ತಪ್ಪದೆ ನಡೆಸಿದ್ದರು. ತೊಂದರೆ ಇದ್ದದ್ದು ಚೀಟಿಯಲ್ಲೇ. ಹುಡುಗಿ ಅದನ್ನು ಹಿಡಿದುಕೊಂಡು ನನ್ನ ಹತ್ತಿರ ಬಂದಳು, ನಾವಿಬ್ಬರೂ ಕೂತು ಹೊಸದಾಗಿ ಬರೆದೆವು. ಒಂದೊಂದು ಸಾಲಿಗೂ ಕಾರಣ ಹುಡುಕಿದ ಕಥೆಯೇ ಈ ಅಧ್ಯಾಯ.

ಒಣಗದೆಯೂ ಹಳಸುವುದು

ಫ್ರಾನ್ಸಿನ ರಸಾಯನ ವಿಜ್ಞಾನಿ ಜ್ಯಾನ್ ಬ್ಯಾಪ್ಟಿಸ್ಟ್ ಬೂಸಿಂಗೋ ಒಣಗುವುದರಿಂದಲೇ ಗಟ್ಟಿಯಾಗುತ್ತದೆ ಎಂಬ ಮಾತನ್ನು 1852ರಲ್ಲೇ ಪರೀಕ್ಷೆಗೆ ಒಡ್ಡಿದ್ದ. ಬ್ರೆಡ್ಡನ್ನು ಗಾಳಿಯಾಡದಂತೆ ಮುಚ್ಚಿಟ್ಟ. ನೀರಿನಂಶ ಎಲ್ಲೂ ಹೋಗಲಿಲ್ಲ, ಆದರೂ ಬ್ರೆಡ್ಡು ಗಟ್ಟಿಯಾಯಿತು. ಆಮೇಲೆ ಹಳೆಯ ಬ್ರೆಡ್ಡೊಂದನ್ನು ಒಲೆಯೊಳಗಿಟ್ಟು ಬಿಸಿ ಮಾಡಿದ. ಬಿಸಿ ಮಾಡಿದರೆ ನೀರು ಇನ್ನಷ್ಟು ಆವಿಯಾಗುತ್ತದೆ, ತೂಕವೂ ಇಳಿಯುತ್ತದೆ. ಆದರೂ ಅದು ಹೊಸ ಬ್ರೆಡ್ಡಿನಂತೆ ಮೆತ್ತಗಾಯಿತು. ನೀರು ಉಳಿದಾಗ ಗಟ್ಟಿ, ನೀರು ಕಳೆದುಕೊಂಡಾಗ ಮೆದು! ಅಂದಮೇಲೆ ಬ್ರೆಡ್ಡು ಹಳಸುವುದಕ್ಕೂ ಒಣಗುವುದಕ್ಕೂ ನೇರ ಸಂಬಂಧವಿಲ್ಲ. ಒಳಗೆ ಬೇರೇನೋ ಬದಲಾಗುತ್ತಿದೆ, ಮತ್ತು ಅದನ್ನು ಶಾಖ ಹಿಂದಕ್ಕೆ ತಿರುಗಿಸಬಲ್ಲದು.

ಆ ‘ಬೇರೇನೋ’ ಪಿಷ್ಟ. ಅನ್ನ, ಇಡ್ಲಿ, ಮುದ್ದೆ, ಬ್ರೆಡ್ಡು, ಕೇಕು ಎಲ್ಲದರಲ್ಲೂ ಇರುವುದು ಅದೇ. ಹುಲಿಕೆರೆಯ ಬೆಣ್ಣೆ ಕೇಕಿನ ಅಳತೆ ಸರಳ: ಮೈದಾ 200 ಗ್ರಾಂ, ಸಕ್ಕರೆ 200 ಗ್ರಾಂ, ಬೆಣ್ಣೆ 200 ಗ್ರಾಂ, ನಾಲ್ಕು ಮೊಟ್ಟೆ, ಸ್ವಲ್ಪ ಬೇಕಿಂಗ್ ಪೌಡರ್. ಮೈದಾದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಪಿಷ್ಟವೇ ಆದ್ದರಿಂದ ಆ ಕೇಕಿನೊಳಗೆ ಸುಮಾರು 150 ಗ್ರಾಂ ಪಿಷ್ಟವಿದೆ ಎಂದಾಯಿತು. ಕೇಕಿನ ಗೋಡೆಗಳನ್ನು ನಿಲ್ಲಿಸುವುದು ಈ ಪಿಷ್ಟ ಮತ್ತು ಮೊಟ್ಟೆಯ ಪ್ರೊಟೀನು.

ಪಿಷ್ಟವೆಂದರೆ ಗ್ಲೂಕೋಸಿನ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಉದ್ದನೆಯ ಎಳೆಗಳು. ಅವು ಎರಡು ಬಗೆ. ಒಂದು ಹೆಚ್ಚುಕಡಿಮೆ ನೇರವಾದದ್ದು. ರಸಾಯನದವರು ಅದನ್ನು ಅಮೈಲೋಸ್ ಎನ್ನುತ್ತಾರೆ, ನಾವಿಲ್ಲಿ ನೇರ ಎಳೆ ಎನ್ನೋಣ. ಇನ್ನೊಂದು ಅಮೈಲೊಪೆಕ್ಟಿನ್, ಮರದಂತೆ ಕವಲೊಡೆದಿರುವುದರಿಂದ ಕವಲು ಎಳೆ. ಗೋಧಿಯ ಪಿಷ್ಟದಲ್ಲಿ ಸುಮಾರು ಕಾಲು ಭಾಗ ನೇರ ಎಳೆ, ಉಳಿದ ಮುಕ್ಕಾಲು ಕವಲು ಎಳೆ. ಒಣ ಹಿಟ್ಟಿನಲ್ಲಿ ಈ ಎಳೆಗಳು ಸಣ್ಣ ಸಣ್ಣ ಕಾಳುಗಳೊಳಗೆ ಒತ್ತೊತ್ತಾಗಿ, ಅಚ್ಚುಕಟ್ಟಾಗಿ ಜೋಡಿಸಿಕೊಂಡಿರುತ್ತವೆ. ಹಸಿ ಹಿಟ್ಟು ನಾಲಿಗೆಗೆ ಮರಳುಮರಳಾಗಿ ಸಿಗುವುದು ಅದಕ್ಕೇ.

ನೀರು ಮತ್ತು ಶಾಖ ಒಟ್ಟಿಗೆ ತಾಗಿದಾಗ ಕಾಳು ಉಬ್ಬುತ್ತದೆ, ಒಳಗಿನ ಶಿಸ್ತು ಕದಡುತ್ತದೆ, ಎಳೆಗಳು ನಡುವೆ ನೀರನ್ನು ಬಿಟ್ಟುಕೊಂಡು ಸಡಿಲವಾಗುತ್ತವೆ. ಇದನ್ನೇ ನಾವು ಬೇಯುವುದು ಎನ್ನುವುದು. ಬರೀ ನೀರಿನಲ್ಲಿ ಗೋಧಿಯ ಪಿಷ್ಟ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಬೇಯತೊಡಗುತ್ತದೆ. ಕೇಕಿನಲ್ಲಿ ಸಕ್ಕರೆ ಹೇರಳ, ಅದೂ ನೀರನ್ನು ತನ್ನ ಕಡೆ ಎಳೆಯುವುದರಿಂದ 80 ಡಿಗ್ರಿ ದಾಟಬೇಕಾಗುತ್ತದೆ. ಓವನ್ನಿನಿಂದ ತೆಗೆಯುವ ಹೊತ್ತಿಗೆ ಕೇಕಿನ ನಡುಭಾಗ 95 ಡಿಗ್ರಿಯ ಮೇಲೆ ಇರುತ್ತದೆ. ಆ ಕ್ಷಣದಲ್ಲಿ ಎಳೆಗಳು ಅತ್ಯಂತ ಸಡಿಲ, ಕೇಕು ಅತ್ಯಂತ ಮೆದು. ಬಿಸಿ ಕೇಕನ್ನು ಟಿನ್ನಿನಿಂದ ಕೂಡಲೇ ಮಗುಚಿದರೆ ಮುರಿದುಬೀಳುವುದೂ ಇದೇ ಕಾರಣಕ್ಕೆ.

ಗಂಟೆ ಹೊಡೆದ ಮೇಲೆ

ತಣ್ಣಗಾಗತೊಡಗಿದೊಡನೆ ಎಳೆಗಳು ಹಳೆಯ ಶಿಸ್ತಿಗೆ ಮರಳಲು ನೋಡುತ್ತವೆ. ಶಾಲೆಯ ಆಟದ ಬಯಲನ್ನು ನೆನೆಸಿಕೊಳ್ಳಿ. ಆಟದ ಹೊತ್ತಿನಲ್ಲಿ ಮಕ್ಕಳು ಬಯಲ ತುಂಬ ಓಡಾಡುತ್ತಿರುತ್ತಾರೆ. ಅವರನ್ನು ಸಾಲಾಗಿ ನಿಲ್ಲಿಸುವುದು ಯಾವ ಮೇಷ್ಟರಿಗೂ ಸಾಧ್ಯವಿಲ್ಲ. ಇದು ಬಿಸಿ ಕೇಕು. ಗಂಟೆ ಹೊಡೆದು ಆಟದ ಅಬ್ಬರ ಇಳಿದ ಮೇಲೆ ಅಲ್ಲೊಬ್ಬ ಇಲ್ಲೊಬ್ಬ ತನ್ನ ಜಾಗ ಹಿಡಿದು ನಿಲ್ಲುತ್ತಾನೆ, ಅವನ ಹಿಂದೆ ಇನ್ನೊಬ್ಬ ಬಂದು ಸೇರುತ್ತಾನೆ, ನೋಡನೋಡುತ್ತ ಸಾಲು ಬೆಳೆಯುತ್ತದೆ. ಸಾಲುಗಟ್ಟಲು ಎರಡು ಬೇಕು: ನಿಲ್ಲುವಷ್ಟು ಶಾಂತಿ, ಜಾಗಕ್ಕೆ ನಡೆದು ಹೋಗುವಷ್ಟು ಚಲನೆ. ಎಲ್ಲರನ್ನೂ ಇದ್ದಲ್ಲೇ ಕದಲದಂತೆ ಕಟ್ಟಿಹಾಕಿದರೂ ಸಾಲು ಏಳುವುದಿಲ್ಲ.

ಪಿಷ್ಟದ ಎಳೆಗಳದ್ದೂ ಇಷ್ಟೇ. ಇದನ್ನು ಪಿಷ್ಟದ ಸಾಲುಗಟ್ಟುವಿಕೆ ಎಂದು ಕರೆಯೋಣ. ಪಠ್ಯಪುಸ್ತಕಗಳಲ್ಲಿ ಇದು ರೆಟ್ರೊಗ್ರೆಡೇಶನ್. ನೇರ ಎಳೆಗಳಿಗೆ ಕವಲುಗಳ ಅಡ್ಡಿಯಿಲ್ಲ, ಹಾಗಾಗಿ ಅವು ಕೆಲವೇ ಗಂಟೆಗಳಲ್ಲಿ ಸಾಲಾಗುತ್ತವೆ. ಅದು ನಮಗೆ ಬೇಕಾದದ್ದೇ. ಹೊಸ ಕೇಕು ತಣಿದ ಮೇಲೆ ನೆಟ್ಟಗೆ ಹೋಳಾಗುವುದು ಅವುಗಳಿಂದ. ಕವಲು ಎಳೆಗಳದ್ದು ನಿಧಾನದ ಕೆಲಸ. ದಿನಗಟ್ಟಲೆ, ಒಂದೊಂದೇ ಕವಲಿನ ತುದಿ ಪಕ್ಕದ ತುದಿಗೆ ಹೆಣೆದುಕೊಂಡು ಸಣ್ಣ ಹರಳುಗಳಾಗುತ್ತವೆ. ಹರಳು ಬೆಳೆದಷ್ಟೂ ಕೇಕಿನ ಗೋಡೆಗಳು ಬಿರುಸಾಗುತ್ತವೆ. ನೀರು ಡಬ್ಬಿಯೊಳಗೇ ಇದೆ, ಕೇಕಿನೊಳಗೇ ಇದೆ; ಆದರೆ ಎಳೆಗಳನ್ನು ಸಡಿಲವಾಗಿಡುವ ಕೆಲಸದಲ್ಲಿ ಇಲ್ಲ. ಅದಕ್ಕೇ ನಾಲಿಗೆ ‘ಒಣಗಿದೆ’ ಎಂದು ತೀರ್ಪು ಕೊಡುತ್ತದೆ.

ನೆದರ್ಲೆಂಡ್ಸಿನ ಜೆ. ಆರ್. ಕಾಟ್ಜ್ ಎಂಬ ವಿಜ್ಞಾನಿ ಬ್ರೆಡ್ಡು ಹಳಸುವ ವಿಷಯದ ಬೆನ್ನುಹತ್ತಿ ಎಕ್ಸ್-ರೇ ಹಾಯಿಸಿ ನೋಡಿದಾಗ, ಹೊಸ ಬ್ರೆಡ್ಡಿನಲ್ಲಿ ಕಾಣದ ಹರಳಿನ ಗುರುತು ಹಳೆಯ ಬ್ರೆಡ್ಡಿನಲ್ಲಿ ಕಂಡಿತು. ಬ್ರೆಡ್ಡನ್ನು ಬೇರೆ ಬೇರೆ ಶಾಖದಲ್ಲಿಟ್ಟು ನೋಡಿದ್ದೂ ಅವನೇ. 60 ಡಿಗ್ರಿಗಿಂತ ಮೇಲೆ ಇಟ್ಟದ್ದು ಮೆತ್ತಗೇ ಉಳಿಯಿತು. ಚೆನ್ನಾಗಿ ಹೆಪ್ಪುಗಟ್ಟಿಸಿ ಇಟ್ಟದ್ದೂ ಉಳಿಯಿತು. ಎಲ್ಲಕ್ಕಿಂತ ಬೇಗ ಹಳಸಿದ್ದು ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ತುಸು ಮೇಲೆ ಇಟ್ಟದ್ದು.

ಆ ತುಸು ಮೇಲಿನ ಮಟ್ಟವೇ ನಮ್ಮ ಮನೆಗಳ ಫ್ರಿಡ್ಜು, ಸುಮಾರು 4 ಡಿಗ್ರಿ. ಹೊಸ ಸಾಲುಗಳು ಶುರುವಾಗಲು ಅಲ್ಲಿ ಬೇಕಾದಷ್ಟು ತಂಪಿದೆ, ಎಳೆಗಳು ಸರಿದಾಡಲು ಬೇಕಾದಷ್ಟು ಚಲನೆಯೂ ಉಳಿದಿದೆ. ಅಡುಗೆಮನೆಯ ಕಪಾಟಿನಲ್ಲಿ 25 ಡಿಗ್ರಿಯಲ್ಲಿ ಹಳಸಲು ದಿನಗಳು ಹಿಡಿಯುವ ಕೇಕು ಫ್ರಿಡ್ಜಿನಲ್ಲಿ ಒಂದೇ ರಾತ್ರಿಗೆ ಬಿರುಸಾಗುವುದು ಹೀಗೆ. ಕೆಡದಂತೆ ಕಾಪಾಡಲೆಂದು ನಾವು ಕೊಂಡ ಯಂತ್ರ, ಪಿಷ್ಟದ ಮಟ್ಟಿಗೆ ಹಳಸಿಸುವ ಯಂತ್ರ. ಚಿತ್ರಾನ್ನ ಮಾಡುವವರಿಗೆ ಮಾತ್ರ ಅದು ಉಪಕಾರಿ.

ಅಜ್ಜಿಯ ಕೇಕಿಗೆ ಆದದ್ದೇನು?

ಅಷ್ಟಾದರೂ ತಪ್ಪನ್ನೆಲ್ಲ ಪಿಷ್ಟದ ತಲೆಗೆ ಕಟ್ಟುವಂತಿಲ್ಲ. ಆ ಕೇಕಿನಲ್ಲಿ 200 ಗ್ರಾಂ ಬೆಣ್ಣೆಯೂ ಇತ್ತು. ಚಳಿಗಾಲದ ಬೆಳಿಗ್ಗೆ ಅರಸೀಕೆರೆಯ ಯಾವ ಮನೆಯಲ್ಲಾದರೂ ಕೊಬ್ಬರಿ ಎಣ್ಣೆಯ ಬಾಟಲಿ ನೋಡಿ, ಹೆಪ್ಪುಗಟ್ಟಿರುತ್ತದೆ. 24 ಡಿಗ್ರಿಯ ಹತ್ತಿರ ಅದು ಕರಗುತ್ತದೆ. ಬೆಣ್ಣೆ ಪೂರ್ತಿ ಕರಗಲು 32ರಿಂದ 35 ಡಿಗ್ರಿ ಬೇಕು, ಸಾಧಾರಣ ಕೋಣೆಯಲ್ಲಿ ಮೆದುವಾಗಿರುತ್ತದೆ, ಫ್ರಿಡ್ಜಿನಲ್ಲಿ ಗಟ್ಟಿ. ಹಾಗಾಗಿ ಫ್ರಿಡ್ಜಿನಿಂದ ಆಗತಾನೆ ತೆಗೆದ ಬೆಣ್ಣೆ ಕೇಕು, ಅದು ಇಂದೇ ಮಾಡಿದ್ದಾದರೂ, ಗಟ್ಟಿಯಾಗಿಯೇ ಇರುತ್ತದೆ. ಜೊತೆಗೆ ಮುಚ್ಚದೆ ಇಟ್ಟರೆ ಫ್ರಿಡ್ಜಿನೊಳಗಿನ ಒಣಗಾಳಿ ಕತ್ತರಿಸಿದ ಮೈಯಿಂದ ನಿಜಕ್ಕೂ ನೀರು ಹೀರುತ್ತದೆ. ಹೀಗೆ ಗಟ್ಟಿಗೆ ಮೂರು ಕಾರಣ: ಬೆಣ್ಣೆ, ಪಿಷ್ಟ, ಒಣಗುವಿಕೆ. ಯಾವುದೆಂದು ಮನೆಯಲ್ಲೇ ಕಂಡುಕೊಳ್ಳಬಹುದು.

ಅಜ್ಜಿಗೆ ಫೋನಿನಲ್ಲಿ ಹೇಳಿದ್ದು ಇದನ್ನೇ. ಒಂದು ಹೋಳನ್ನು ಮುಚ್ಚಿದ ಡಬ್ಬಿಯಲ್ಲಿ ಹೊರಗಿಟ್ಟು ಒಂದು ಗಂಟೆ ಕಾಯಿರಿ. ಮೆತ್ತಗಾದರೆ ಗಟ್ಟಿಯಾಗಿದ್ದದ್ದು ಬೆಣ್ಣೆ ಮಾತ್ರ, ಕೇಕಿಗೆ ಏನೂ ಆಗಿಲ್ಲ. ಅಜ್ಜಿಯ ಹೋಳು ಒಂದು ಗಂಟೆಯ ಮೇಲೆ ಮುಟ್ಟಲು ಮೆದುವಾಯಿತು, ಆದರೆ ಬಾಯಲ್ಲಿ ಇನ್ನೂ ಪುಡಿಪುಡಿ. ಅಂದರೆ ಬೆಣ್ಣೆಯ ಪಾಲು ಕಳೆಯಿತು, ಇನ್ನೊಂದು ಉಳಿಯಿತು. ಎರಡನೆಯ ಪರೀಕ್ಷೆ ಶಾಖದ್ದು. ಕವಲು ಎಳೆಗಳ ಹರಳು 50-60 ಡಿಗ್ರಿಯಲ್ಲಿ ಕರಗುತ್ತದೆ. ಮೈಕ್ರೋವೇವ್ ಇದ್ದವರು ಹೋಳನ್ನು ಹತ್ತು ಹದಿನೈದು ಸೆಕೆಂಡು ಬಿಸಿ ಮಾಡಿದರೆ ಸಾಕು. ಅಜ್ಜಿಯ ಮನೆಯಲ್ಲಿ ಅದಿರಲಿಲ್ಲ. ಹೋಳನ್ನು ಫಾಯಿಲ್ಲಿನಲ್ಲಿ ಸುತ್ತಿ ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಟ್ಟರು. ನಾಲ್ಕೈದು ನಿಮಿಷಕ್ಕೆ ಮೊದಲ ದಿನದ ಮೆದುತನ ಬಂತು. ಅಲ್ಲಿಗೆ ಕಾರಣ ಪಿಷ್ಟವೆಂದು ಖಾತ್ರಿಯಾಯಿತು. ಬಿಸಿ ಮಾಡಿದರೂ ಬಿರುಸಾಗಿಯೇ ಇದ್ದಿದ್ದರೆ ನೀರೇ ಹೋಗಿದೆ ಎಂದು ತಿಳಿಯಬೇಕಿತ್ತು. ಅದಕ್ಕೆ ಹಾಲು, ಕಸ್ಟರ್ಡ್ ಹಾಕಿ ತಿನ್ನುವುದೊಂದೇ ದಾರಿ.

ಬಿಸಿಯಿಂದ ಬಂದ ಮೆದುತನಕ್ಕೆ ಆಯಸ್ಸು ಕಡಿಮೆ ಎಂಬುದನ್ನೂ ಅಜ್ಜಿಗೆ ಹೇಳಬೇಕಾಯಿತು. ತಣಿದರೆ ಎಳೆಗಳು ಮತ್ತೆ ಸಾಲುಗಟ್ಟುತ್ತವೆ, ಬಿಸಿ ಮಾಡುವಾಗ ನೀರೂ ಸ್ವಲ್ಪ ಹೋಗಿರುತ್ತದೆ. ಆದ್ದರಿಂದ ತಿನ್ನುವಷ್ಟನ್ನೇ ಬಿಸಿ ಮಾಡಬೇಕು, ಆಗಲೇ ತಿನ್ನಬೇಕು. ಮೈಕ್ರೋವೇವಿನಲ್ಲಿ ಒಂದು ನಿಮಿಷ ಬಿಟ್ಟವರಿಗೆ ಸಿಗುವುದು ಮೊದಲು ರಬ್ಬರು, ಆಮೇಲೆ ಕಟ್ಟಿಗೆ.

ಬೆಣ್ಣೆ ಕೇಕಿನ ಚೀಟಿ ಆವತ್ತೇ ಬದಲಾಯಿತು: ‘ಫ್ರಿಡ್ಜ್ ಬೇಡ. ಬಿಗಿಮುಚ್ಚಳದ ಡಬ್ಬಿಯಲ್ಲಿ, ಬಿಸಿಲು ಬೀಳದ ಕಡೆ ಇಡಿ. ಬೇಕಾದಷ್ಟೇ ಕತ್ತರಿಸಿ, ಕತ್ತರಿಸಿದ ಮೈಯನ್ನು ಪ್ಲಾಸ್ಟಿಕ್ ಹಾಳೆಯಿಂದ ಒತ್ತಿ ಮುಚ್ಚಿ. ಮೂರು ದಿನದೊಳಗೆ ತಿನ್ನಿ.’ ಮೂರು ದಿನ ಎಂಬುದು ಪಿಷ್ಟದ ಲೆಕ್ಕವಲ್ಲ, ಬೂಸ್ಟಿನದು. ಬೇಲೂರು ಕಡೆಯ ಮಳೆಗಾಲದಲ್ಲಿ, ಗೋಡೆಯೇ ಬೆವರುವ ದಿನಗಳಲ್ಲಿ, ಅದನ್ನು ಎರಡಕ್ಕೆ ಇಳಿಸಬೇಕು. ಒಂದು ಮೂಲೆಯಲ್ಲಿ ಬೂಸ್ಟು ಕಂಡರೆ ಅಷ್ಟನ್ನು ಕೆತ್ತಿ ಉಳಿದದ್ದು ತಿನ್ನುವ ಅಭ್ಯಾಸ ನಮ್ಮಲ್ಲಿದೆ. ಕೇಕಿನಂಥ ಮೆದು ಪದಾರ್ಥದಲ್ಲಿ ಬೂಸ್ಟಿನ ಬೇರು ಕಾಣುವುದಕ್ಕಿಂತ ಬಹಳ ಒಳಗೆ ಹೋಗಿರುತ್ತದೆ. ಪೂರ್ತಿ ಎಸೆಯಬೇಕು.

ಬೇಕರಿಯವರು ಕಂಡುಕೊಂಡ ಉಪಾಯ

ಫ್ರಿಡ್ಜೇ ಇಲ್ಲದ ಕಾಲದಲ್ಲಿ ಕೇಕ್ ಮಾರಿದವರು ಈ ಪಿಷ್ಟವನ್ನು ಹೇಗೆ ಸಂಭಾಳಿಸಿದರು? ಉತ್ತರ ಹಾಸನ ಜಿಲ್ಲೆಯವರ ಕೈಯಲ್ಲೇ ಇತ್ತು. ಕರ್ನಾಟಕದ ಬೀದಿಬೀದಿಯ ಅಯ್ಯಂಗಾರ್ ಬೇಕರಿಗಳನ್ನು ನಡೆಸಿದ ಬಹಳಷ್ಟು ಕುಟುಂಬಗಳ ಮೂಲ ಹಾಸನದ ಹಳ್ಳಿಗಳು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬಿ.ಬಿ. ಬೇಕರಿ ಶುರುಮಾಡಿದ ಎಚ್. ಎಸ್. ತಿರುಮಲಾಚಾರ್ ಕೂಡ ಹಾಸನದ ಕಡೆಯವರು. ಅಂಥ ಬೇಕರಿಗಳ ಗಾಜಿನ ಕಪಾಟಿನಲ್ಲಿ ಹನಿ ಕೇಕು ಫ್ರಿಡ್ಜಿನ ಹಂಗಿಲ್ಲದೆ ಕೂತಿರುತ್ತದೆ, ಮಾರನೆಯ ದಿನವೂ ಬೆರಳಿಗೆ ತೇವವಾಗಿ ಸಿಗುತ್ತದೆ.

ಗುಟ್ಟು ಅದರ ಮೇಲೆ ಸುರಿಯುವ ಸಕ್ಕರೆ ಪಾಕದಲ್ಲಿದೆ. ಪಾಕ ಕುಡಿದ ಕೇಕಿನಲ್ಲಿ ನೀರೂ ಹೆಚ್ಚು, ಸಕ್ಕರೆಯೂ ಹೆಚ್ಚು. ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗೆ ಹಿಡಿದ ನೀರು ಸುಲಭಕ್ಕೆ ಆರಿಹೋಗುವುದಿಲ್ಲ, ಬೂಸ್ಟಿಗೂ ಸುಲಭಕ್ಕೆ ದಕ್ಕುವುದಿಲ್ಲ. ಎಳೆಗಳ ನಡುವೆ ಸಕ್ಕರೆ ಸೇರಿಕೊಂಡು ಅವು ಹೆಣೆದುಕೊಳ್ಳುವುದನ್ನೂ ನಿಧಾನ ಮಾಡುತ್ತದೆ. ಮೇಲೆ ಬಳಿದ ಜಾಮು, ಅದರ ಮೇಲಿನ ಒಣಕೊಬ್ಬರಿ ಪುಡಿ ನೀರು ಹೋಗುವ ದಾರಿಗೆ ಒಂದಿಷ್ಟು ಅಡ್ಡ. ಬ್ರೆಡ್ಡಿಗಿಂತ ಕೇಕು ನಿಧಾನವಾಗಿ ಹಳಸುವುದೂ ಇದೇ ಸಕ್ಕರೆ, ಕೊಬ್ಬುಗಳ ದೆಸೆಯಿಂದ.

ಇಂದಿನ ಮನೆ ಬೇಕರಿಗಳ ಕಪಾಟಿನಲ್ಲಿರುವ ಕೇಕ್ ಜೆಲ್ ಕೂಡ ಇದೇ ಜಾಗದಲ್ಲಿ ಕೈಯಾಡಿಸುತ್ತದೆ. ಅದರಲ್ಲಿರುವ ಮಾನೋಗ್ಲಿಸರೈಡ್ ಎಂಬ ಕೊಬ್ಬಿನಂಥ ವಸ್ತು ಸುರುಳಿಯಾದ ನೇರ ಎಳೆಯೊಳಗೆ ಹೊಕ್ಕು ಕೂರುತ್ತದೆ. ಆಮೇಲೆ ಆ ಎಳೆ ಯಾರ ಪಕ್ಕಕ್ಕೂ ಸೇರದು. ಹಿಟ್ಟಿನೊಳಗೆ ಗಾಳಿ ಹಿಡಿಸಲೆಂದು ಹಲವರು ಜೆಲ್ ಹಾಕುತ್ತಾರೆ, ಮೆದುತನ ಬಾಳುವುದು ಅವರಿಗೆ ಸಿಗುವ ಎರಡನೆಯ ಲಾಭ. ಹುಲಿಕೆರೆಯ ಹುಡುಗಿ ಅದನ್ನು ಹಾಕುವುದಿಲ್ಲ. ಹಾಕಬಾರದೆಂದು ನನಗೇನೂ ಅನಿಸಿಲ್ಲ. ಹಾಕದವರು ಚೀಟಿಯನ್ನು ಹೆಚ್ಚು ಜತನದಿಂದ ಬರೆಯಬೇಕು, ಅಷ್ಟೇ.

ಕ್ರೀಮ್ ಬಂದರೆ ಲೆಕ್ಕ ಬದಲು

ಇಷ್ಟೆಲ್ಲ ಓದಿ ಕ್ರೀಮ್ ಕೇಕನ್ನೂ ಹೊರಗಿಟ್ಟೀರಿ, ಜೋಕೆ. ಕ್ರೀಮಿನಲ್ಲಿ ನೀರಿದೆ, ಹಾಲಿನ ಅಂಶವಿದೆ, ಸಕ್ಕರೆಯಿದೆ, ನಡುವೆ ಅನಾನಸ್ ಚೂರುಗಳ ರಸವಿದೆ. 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಗಳಿಗೆ ಇದಕ್ಕಿಂತ ಒಳ್ಳೆಯ ಹೊಲ ಸಿಗದು. ಅವುಗಳಲ್ಲಿ ಕೆಟ್ಟದ್ದು ನಮ್ಮ ಮೂಗು, ಚರ್ಮ, ಕೈಮೇಲಿನ ಗಾಯಗಳಿಂದ ಬರುವ ಸ್ಟೆಫಿಲೊಕಾಕಸ್. ಅದು ಬೆಳೆಯುತ್ತ ವಿಷವನ್ನು ಬಿಡುತ್ತದೆ. ಬ್ಯಾಕ್ಟೀರಿಯಾ ಬೆಳೆದು ವಿಷ ಬಿಟ್ಟಾದ ಮೇಲೆ ಮತ್ತೆ ತಂಪು ಮಾಡಿದರೂ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ, ವಾಸನೆಯಿಂದಲೂ ರುಚಿಯಿಂದಲೂ ಅದು ಪತ್ತೆಯಾಗುವುದಿಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಶುರುವಾಗುತ್ತದೆ. ಹೀಗಾಗಿ ಕ್ರೀಮಿಗೆ ಫ್ರಿಡ್ಜು ಬೇಕೇ ಬೇಕು. ಪಿಷ್ಟಕ್ಕೆ ನಷ್ಟವಾದರೆ ಆಗಲಿ.

ಆ ನಷ್ಟವನ್ನು ತಗ್ಗಿಸಲು ಮಾಡುವವರ ಕೈಯಲ್ಲಿ ಎರಡು ಉಪಾಯಗಳಿವೆ. ಕ್ರೀಮ್ ಕೇಕಿನ ಸ್ಪಂಜಿಗೆ ಬೆಣ್ಣೆಯ ಬದಲು ಸೂರ್ಯಕಾಂತಿಯಂಥ ಎಣ್ಣೆ ಹಾಕುವುದು ಒಂದು. 4 ಡಿಗ್ರಿಯಲ್ಲೂ ಅದು ದ್ರವವಾಗಿಯೇ ಇರುತ್ತದೆ, ಗಟ್ಟಿಗೆ ತನ್ನ ಪಾಲು ಸೇರಿಸುವುದಿಲ್ಲ. ಹನಿ ಕೇಕಿನವರಂತೆ ಪ್ರತಿ ಪದರಕ್ಕೂ ಸಕ್ಕರೆ ನೀರು ಸವರುವುದು ಇನ್ನೊಂದು. ಅಜ್ಜಿ ದೂರಿದಾಗ ಪೈನಾಪಲ್ ಕೇಕಿನವರು ಸುಮ್ಮನಿದ್ದದ್ದು ಇದಕ್ಕೇ. ಅದು ಎಣ್ಣೆಯ ಸ್ಪಂಜು, ಅನಾನಸ್ ಡಬ್ಬಿಯ ಸಿಹಿನೀರನ್ನು ಅದಕ್ಕೆ ಸವರಲಾಗಿತ್ತು.

ಕ್ರೀಮಿನಲ್ಲೂ ಎರಡು ಜಾತಿ. ಹಾಲಿನ ಕೆನೆಯಿಂದ ಮಾಡಿದ್ದು ಬಿಸಿಗೆ ಬೇಗ ಸೋಲುತ್ತದೆ, ಅದರ ಗುಳ್ಳೆಗಳನ್ನು ಹಿಡಿದು ನಿಲ್ಲಿಸಿರುವುದು ಹಾಲಿನ ಕೊಬ್ಬೇ ಆದ್ದರಿಂದ. ನಮ್ಮ ಊರುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ತಾಳೆಬೀಜದ ಎಣ್ಣೆಯಂಥ ಸಸ್ಯದ ಕೊಬ್ಬಿನ ವಿಪ್ಪಿಂಗ್ ಕ್ರೀಮು. ಅದು ಸೆಕೆಯಲ್ಲೂ ಬಹಳ ಹೊತ್ತು ಆಕಾರ ಬಿಡುವುದಿಲ್ಲ. ಇಲ್ಲೇ ಮೋಸಹೋಗುವುದು. ಹೂವು ಕರಗಿಲ್ಲ, ಆದ್ದರಿಂದ ಕೇಕು ಚೆನ್ನಾಗಿದೆ ಎಂದು ಜನ ನಂಬುತ್ತಾರೆ. ಆಕಾರ ಹೇಳುವುದು ಕೊಬ್ಬಿನ ಸುದ್ದಿಯನ್ನು, ಬ್ಯಾಕ್ಟೀರಿಯಾದ ಸುದ್ದಿಯನ್ನಲ್ಲ. ಹೊರಗಿದ್ದ ಹೊತ್ತನ್ನು ಗಡಿಯಾರದಿಂದಲೇ ಅಳೆಯಬೇಕು.

ಹುಲಿಕೆರೆಯಿಂದ ಅರಸೀಕೆರೆಗೆ

ಗಡಿಯಾರದ ನಿಯಮ ಇದು: ಕ್ರೀಮ್ ಕೇಕು ಫ್ರಿಡ್ಜಿನ ಹೊರಗೆ ಒಟ್ಟು ಎರಡು ಗಂಟೆಗಿಂತ ಹೆಚ್ಚು ಇರಬಾರದು, ಹವೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ‘ಒಟ್ಟು’ ಎಂಬುದನ್ನು ಗಮನಿಸಿ. ನಡುವೆ ಫ್ರಿಡ್ಜಿಗೆ ಹೋಗಿ ಬಂದರೆ ಲೆಕ್ಕ ಸೊನ್ನೆಯಿಂದ ಶುರುವಾಗುವುದಿಲ್ಲ.

ಏಪ್ರಿಲ್ ತಿಂಗಳು, ಅರಸೀಕೆರೆಯಲ್ಲಿ ಸಂಜೆ ಆರಕ್ಕೆ ಹುಟ್ಟುಹಬ್ಬ, ಒಂದು ಕಿಲೋ ಪೈನಾಪಲ್ ಕೇಕು ಎಂದಿಟ್ಟುಕೊಳ್ಳಿ. ಮಧ್ಯಾಹ್ನ ಎರಡಕ್ಕೆ ಹುಲಿಕೆರೆ ಬಿಟ್ಟು ಮೂರೂವರೆಗೆ ಮನೆ ಮುಟ್ಟಿದರೆ ದಾರಿಯಲ್ಲೇ ಒಂದೂವರೆ ಗಂಟೆ. ಕಾರಿನೊಳಗೆ 35 ಡಿಗ್ರಿಯಾದರೂ ಇರುತ್ತದೆ. ಡಬ್ಬಿಯನ್ನು ಹಾಗೇ ಸೀಟಿನ ಮೇಲಿಟ್ಟು ತಂದರೆ ಮೇಣದಬತ್ತಿ ಹಚ್ಚುವ ಮೊದಲೇ ನಿಯಮ ಮುರಿದಿದೆ. ಅದೇ ಕೇಕನ್ನು ಹಿಂದಿನ ರಾತ್ರಿಯೆಲ್ಲ ಫ್ರಿಡ್ಜಿನಲ್ಲಿಟ್ಟು, ಹೊರಡುವಾಗ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಇಳಿಸಿ, ಅಕ್ಕಪಕ್ಕ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ನಿಲ್ಲಿಸಿದರೆ, ತಲುಪಿದಾಗಲೂ ಕೇಕು ತಣ್ಣಗಿರುತ್ತದೆ. ಪೆಟ್ಟಿಗೆಯೇ ಆ ಹೊತ್ತಿಗೆ ಫ್ರಿಡ್ಜು. ಮೂರೂವರೆಗೆ ನೇರ ಫ್ರಿಡ್ಜಿಗೆ. ಐದೂವರೆಗೆ ಹೊರಗೆ ತೆಗೆಯುವುದು. ಅರ್ಧ ಗಂಟೆಯಲ್ಲಿ ಸ್ಪಂಜಿನ ಚಳಿ ಬಿಡುತ್ತದೆ, ಪರಿಮಳ ಏಳುತ್ತದೆ. ತೀರಾ ತಣ್ಣಗಿದ್ದರೆ ನಾಲಿಗೆಗೆ ಸಿಹಿಯೂ ಪರಿಮಳವೂ ಮಂದವೇ. ಆರಕ್ಕೆ ಕತ್ತರಿಸಿ ಹಂಚಿದರೆ, ಆರೂವರೆಗೆ ಉಳಿದದ್ದು ಡಬ್ಬಿ ಸೇರಿ ಫ್ರಿಡ್ಜಿಗೆ ವಾಪಸು. ಹೊರಗಿದ್ದದ್ದು ಒಟ್ಟು ಒಂದು ಗಂಟೆ. ಫೋಟೋಗಳಿಗಾಗಿ ಏಳೂವರೆಯವರೆಗೆ ಮೇಜಿನ ಮೇಲೆ ಬಿಟ್ಟಿದ್ದರೆ ಉಳಿದದ್ದನ್ನು ನಾಳೆಗೆ ಎತ್ತಿಡುವ ಹಕ್ಕು ನಿಮಗಿಲ್ಲ.

ಕರೆಂಟು ಹೋದರೆ? ಬಾಗಿಲು ತೆಗೆಯದಿದ್ದರೆ ಫ್ರಿಡ್ಜು ಸುಮಾರು ನಾಲ್ಕು ಗಂಟೆ ತಂಪು ಹಿಡಿದಿರುತ್ತದೆ. ಕೇಕು ಸರಿಯಾಗಿದೆಯೇ ಎಂದು ಪದೇಪದೇ ಇಣುಕಿ ನೋಡುವುದೇ ಅದನ್ನು ಕೆಡಿಸುವ ದಾರಿ. ಇನ್ನು ಪಕ್ಕದಲ್ಲಿ ಹೆಚ್ಚಿದ ಈರುಳ್ಳಿ, ಇಂಗಿನ ಸಾರು ಇದ್ದರೆ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ಕೊಬ್ಬು ವಾಸನೆಯನ್ನು ಹೀರಿ ಇಟ್ಟುಕೊಳ್ಳುತ್ತದೆ.

ಕ್ರೀಮ್ ಕೇಕಿನ ಚೀಟಿ ಹೀಗಾಯಿತು: ‘ತಲುಪಿದ ಕೂಡಲೇ ಫ್ರಿಡ್ಜಿಗೆ. ಕತ್ತರಿಸುವ ಅರ್ಧ ಗಂಟೆ ಮೊದಲು ಹೊರಗೆ. ಚಾಕುವನ್ನು ಬಿಸಿನೀರಿಗೆ ಅದ್ದಿ ಒರೆಸಿ ಕತ್ತರಿಸಿ. ಉಳಿದದ್ದು ಬೇಸಿಗೆಯಲ್ಲಿ ಒಂದು ಗಂಟೆಯೊಳಗೆ ಮತ್ತೆ ಫ್ರಿಡ್ಜಿಗೆ. ಎರಡು ದಿನದ ಮೇಲೆ ಬೇಡ.’ ಮೊದಲಿನ ಚೀಟಿಯಿಂದ ಫ್ರಿಡ್ಜು ಮತ್ತು ಎರಡು ದಿನ ಮಾತ್ರ ಉಳಿದುಕೊಂಡವು.

ಉಳಿದ ಬೆಣ್ಣೆ ಕೇಕು ಎಲ್ಲಿಗೆ?

ಮೂರು ದಿನಕ್ಕೆ ಮುಗಿಯದ ಬೆಣ್ಣೆ ಕೇಕಿನ ಪ್ರಶ್ನೆ ಬಾಕಿ ಉಳಿಯಿತು. ಹೊರಗಿಟ್ಟರೆ ಬೂಸ್ಟು, ಫ್ರಿಡ್ಜಿನಲ್ಲಿಟ್ಟರೆ ಸಾಲುಗಟ್ಟಿದ ಪಿಷ್ಟ. ಮೂರನೆಯ ಜಾಗ ಫ್ರೀಜರು. ಮೈನಸ್ 18 ಡಿಗ್ರಿಯಲ್ಲಿ ಎಳೆಗಳು ಇದ್ದಲ್ಲೇ ಸೆಟೆದು ನಿಲ್ಲುತ್ತವೆ, ಪಕ್ಕಕ್ಕೆ ಸರಿಯಲು ಅವಕ್ಕೆ ಚಲನೆಯೇ ಇರುವುದಿಲ್ಲ. ತಿಂಗಳ ಮೇಲೂ ಕೇಕು ಹೆಚ್ಚುಕಡಿಮೆ ಇಟ್ಟಂತೆಯೇ ಇರುತ್ತದೆ.

ತೊಂದರೆ ಇರುವುದು ಹೋಗುವ ದಾರಿಯಲ್ಲಿ ಮತ್ತು ಬರುವ ದಾರಿಯಲ್ಲಿ. ಕೋಣೆಯ ಶಾಖದಿಂದ ಮೈನಸ್ 18ಕ್ಕೆ ಇಳಿಯುವಾಗ ಕೇಕು ಆ ಕೆಟ್ಟ 4 ಡಿಗ್ರಿಯನ್ನು ಹಾಯಲೇಬೇಕು. ಇಡೀ ಕೇಕನ್ನು ಒಟ್ಟಿಗೆ ತುರುಕಿದರೆ ಅದರ ನಡುಭಾಗ ಗಂಟೆಗಟ್ಟಲೆ ಅಲ್ಲೇ ತಂಗುತ್ತದೆ. ಒಂದು ಬೆರಳು ದಪ್ಪದ ಹೋಳುಗಳಾಗಿ ಕತ್ತರಿಸಿ, ಒಂದೊಂದನ್ನೂ ಬೇರೆ ಬೇರೆ ಸುತ್ತಿ, ಒಂದರ ಮೇಲೊಂದು ಪೇರಿಸದೆ ಹರಡಿಟ್ಟರೆ ಬೇಗ ದಾಟುತ್ತವೆ. ಮೇಲಿನ ಸಣ್ಣ ಐಸ್ ಪೆಟ್ಟಿಗೆಯಷ್ಟೇ ಇರುವ ಹಳೆಯ ಒಂಟಿಬಾಗಿಲ ಫ್ರಿಡ್ಜುಗಳಲ್ಲಿ ಇಷ್ಟು ಚಳಿ ಸಿಗುವುದು ಅನುಮಾನ. ಐಸ್‌ಕ್ರೀಮು ಕಲ್ಲಿನಂತೆ ಗಟ್ಟಿ ನಿಲ್ಲದ ಫ್ರೀಜರಿನಲ್ಲಿ ಕೇಕನ್ನು ಬಹಳ ದಿನ ಇಡಬೇಡಿ.

ತೆಗೆಯುವಾಗ ಜನ ಮಾಡುವುದು ಉಲ್ಟಾ. ಫ್ರೀಜರಿನದ್ದನ್ನು ಮೊದಲು ಕೆಳಗೆ ಫ್ರಿಡ್ಜಿಗೆ ಇಳಿಸಿ ರಾತ್ರಿಯೆಲ್ಲ ಬಿಡಬೇಕು ಎಂದು ಕೇಳಿರುತ್ತಾರೆ. ಅದು ಮಾಂಸಕ್ಕೆ, ಕ್ರೀಮಿಗೆ ಸರಿಯಾದ ಮಾತು. ಬೆಣ್ಣೆ ಕೇಕನ್ನು ಹಾಗೆ ಮಾಡಿದರೆ ತಿಂಗಳು ಕಾಪಾಡಿದ್ದನ್ನು ಒಂದೇ ರಾತ್ರಿಯಲ್ಲಿ ಕಳೆದ ಹಾಗೆ. ಹೋಳನ್ನು ನೇರ ಹೊರಗೆ ತಟ್ಟೆಯ ಮೇಲಿಡಿ, ಹೊದಿಕೆ ಮಾತ್ರ ಬಿಚ್ಚಬೇಡಿ. ತಣ್ಣನೆಯ ವಸ್ತುವಿನ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಅದು ಹೊದಿಕೆಯ ಹೊರಮೈ ಮೇಲೆ ಕೂರಲಿ, ಕೇಕಿನ ಮೇಲೆ ಬೇಡ. ಮುಕ್ಕಾಲು ಗಂಟೆ ಬಿಟ್ಟು, ಹೊರಗಿನ ಹನಿ ಒರೆಸಿ, ಬಿಚ್ಚಿ ತಿನ್ನಿ.